ಸೆಟ್ಟರ್ ಕೈಯಲ್ಲಿ ಬಾಲ್: ಡಬಲ್ ಮತ್ತು ಹೋಲ್ಡ್ ಯಾಕೆ ಬೀಳುತ್ತವೆ, ತಪ್ಪಿಸುವುದು ಹೇಗೆ

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟಗಳಲ್ಲಿ ಮಾತಿಗೆ ಮಾತು ಬೆಳೆಯುವುದು ಲೈನ್ ಮೇಲೆ ಬಿದ್ದ ಬಾಲ್‌ಗಿಂತ ಜಾಸ್ತಿ ಸೆಟ್ಟರ್ ಕೈಯಿಂದ ಹೊರಟ ಬಾಲ್‌ಗೆ. ರೆಫ್ರಿ ವಿಶಲ್ ಊದಿ ಎರಡು ಬೆರಳು ಎತ್ತುತ್ತಾರೆ. ಇಲ್ಲವೇ ಅಂಗೈ ಮೇಲೆ ಮಾಡಿ ಮುಂಗೈಯನ್ನು ನಿಧಾನವಾಗಿ ಮೇಲಕ್ಕೆತ್ತುತ್ತಾರೆ. ಮೊದಲನೆಯದು ಡಬಲ್, ಎರಡನೆಯದು ಹೋಲ್ಡ್, ಅಂದರೆ ಲಿಫ್ಟ್. ಸುತ್ತ ನಿಂತವರು ತುಳು, ಮಲಯಾಳ, ಕನ್ನಡ ಮೂರರಲ್ಲೂ ಗಲಾಟೆ ಮಾಡುತ್ತಾರೆ. ಆದರೆ ಆ ಹುಡುಗನ ಕೈಯಲ್ಲಿ ನಿಜವಾಗಿ ಏನಾಯಿತು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. "ಬೆರಳು ಗಟ್ಟಿ ಮಾಡು" ಎಂದು ಒಬ್ಬರು, "ಮೆತ್ತಗೆ ತಗೋ" ಎಂದು ಇನ್ನೊಬ್ಬರು. ಹುಡುಗ ಇನ್ನಷ್ಟು ಗೊಂದಲಕ್ಕೆ ಬೀಳುತ್ತಾನೆ.

ಅದನ್ನು ಬಿಡಿಸಿ ಹೇಳುವುದೇ ಈ ಬರಹದ ಕೆಲಸ. ನನ್ನ ಅನುಭವದಲ್ಲಿ ಈ ಎರಡು ಫೌಲ್‌ಗಳಿಗೂ ಬಹುಪಾಲು ಒಂದೇ ಕಾರಣ. ಸೆಟ್ಟರ್ ಬಾಲ್‌ನ ಅಡಿಗೆ ತಡವಾಗಿ ತಲುಪುತ್ತಾನೆ. ಕಾಲು ಮಾಡಬೇಕಾದ ಕೆಲಸವನ್ನು ಕೈ ಮಾಡಲು ಹೋಗುತ್ತದೆ. ಆಗ ಒಂದು ಕೈ ಮೊದಲು ತಾಗಿದರೆ ಡಬಲ್. ಎರಡೂ ಕೈ ಸೇರಲಿ ಎಂದು ಬಾಲ್ ಅನ್ನು ಹಿಡಿದಿಟ್ಟರೆ ಹೋಲ್ಡ್.

ನಿಯಮದಲ್ಲಿ ಇರುವುದು

ನಮ್ಮ ಕಡೆಯ ಪಂದ್ಯಾಟಗಳು ಅಂತಾರಾಷ್ಟ್ರೀಯ ವಾಲಿಬಾಲ್ ಫೆಡರೇಶನ್, ಅಂದರೆ ಎಫ್‌ಐವಿಬಿ ನಿಯಮವನ್ನೇ ಅನುಸರಿಸುತ್ತವೆ. ಅದರಲ್ಲಿ ಈ ವಿಷಯಕ್ಕೆ ಬೇಕಾದ ಭಾಗ ತುಂಬಾ ಚಿಕ್ಕದು. ಬಾಲ್ ಅನ್ನು ಹಿಡಿಯಬಾರದು, ಎಸೆಯಬಾರದು. ಅದು ತಾಗಿದ ಕೂಡಲೇ ಪುಟಿದು ಹೋಗಬೇಕು. ಯಾವ ದಿಕ್ಕಿಗೆ ಬೇಕಾದರೂ ಪುಟಿಯಬಹುದು. ಪುಟಿಯದೆ ಕೈಯಲ್ಲಿ ಉಳಿದರೆ ಅದು ಹೋಲ್ಡ್. ಒಬ್ಬನೇ ಆಟಗಾರ ಬಾಲ್ ಅನ್ನು ಒಂದರ ಹಿಂದೆ ಒಂದರಂತೆ ಎರಡು ಸಲ ಮುಟ್ಟಿದರೆ, ಅಥವಾ ಅವನ ಮೈಯ ಬೇರೆ ಬೇರೆ ಭಾಗಕ್ಕೆ ಬಾಲ್ ಒಂದಾದ ಮೇಲೊಂದು ತಾಗಿದರೆ ಅದು ಡಬಲ್. ಎರಡು ಕೈ ಒಟ್ಟಿಗೆ ತಾಗಿದರೆ ತಪ್ಪಿಲ್ಲ. ಎಡಗೈ ಮೊದಲು, ಬಲಗೈ ಆಮೇಲೆ ತಾಗಿದರೆ ತಪ್ಪು.

ಇದಕ್ಕೊಂದು ವಿನಾಯಿತಿ ಇದೆ. ತಂಡದ ಮೊದಲ ಟಚ್‌ನಲ್ಲಿ, ಒಂದೇ ಕ್ರಿಯೆಯ ಒಳಗೆ ಬಾಲ್ ಮೈಯ ಬೇರೆ ಬೇರೆ ಭಾಗಕ್ಕೆ ಒಂದಾದ ಮೇಲೊಂದು ತಾಗಿದರೂ ಫೌಲ್ ಇಲ್ಲ. ಅದಕ್ಕೇ ಸರ್ವಿಸ್ ಅನ್ನು ಬೆರಳಿನಲ್ಲಿ ತೆಗೆಯುವವನ ಕೈಯಿಂದ ಬಾಲ್ ಗಿರ‍್ರನೆ ತಿರುಗಿ ಹೋದರೂ ರೆಫ್ರಿ ಸುಮ್ಮನಿರುತ್ತಾರೆ. "ಅವನಿಗೆ ಬಿಟ್ರಿ, ನನಗೆ ಯಾಕೆ ಊದಿದ್ರಿ?" ಎಂದು ಸೆಟ್ಟರ್ ಕೇಳುವುದು ಇಲ್ಲೇ. ಸೆಟ್ಟರ್‌ನದು ಎರಡನೇ ಟಚ್. ಅದಕ್ಕೆ ಈ ವಿನಾಯಿತಿ ಇಲ್ಲ. ಹೋಲ್ಡ್‌ಗಂತೂ ಮೊದಲ ಟಚ್‌ನಲ್ಲೂ ವಿನಾಯಿತಿ ಇಲ್ಲ.

ಅಮೆರಿಕದ ಕಾಲೇಜು ಮಹಿಳಾ ವಾಲಿಬಾಲ್‌ನಲ್ಲಿ 2024ರಿಂದ ಎರಡನೇ ಟಚ್‌ನ ಡಬಲ್ ಅನ್ನು ಫೌಲ್ ಪಟ್ಟಿಯಿಂದ ತೆಗೆದಿದ್ದಾರೆ. ಬಾಲ್ ತಮ್ಮ ಕಡೆಯೇ ಉಳಿಯಬೇಕು ಎಂಬುದು ಷರತ್ತು. ಆ ಆಟದ ವಿಡಿಯೋಗಳನ್ನು ಮೊಬೈಲ್‌ನಲ್ಲಿ ನೋಡಿದ ಹುಡುಗರು "ಅಲ್ಲಿ ಊದುವುದೇ ಇಲ್ಲ" ಎನ್ನುತ್ತಾರೆ. ಅವರು ನೋಡಿದ್ದು ಸರಿಯೇ. ಆದರೆ ಅದು ಬೇರೆ ನಿಯಮದ ಆಟ.

ಕೈಯ ಆಕಾರ

ಮೊದಲ ಹೆಜ್ಜೆಗೆ ನೆಟ್ ಬೇಡ, ಜತೆಗಾರ ಬೇಡ. ಬಾಲ್ ಅನ್ನು ನೆಲದ ಮೇಲಿಡಿ. ಕುಕ್ಕರಗಾಲಲ್ಲಿ ಕೂತು ಎರಡೂ ಕೈಯನ್ನು ಅದರ ಮೇಲೆ, ನಡುವಿಗಿಂತ ಸ್ವಲ್ಪ ಹಿಂದೆ, ಬೆರಳು ಹರಡಿ ಇಡಿ. ಬೆರಳುಗಳ ಮುಂಭಾಗದ ಮೆತ್ತನೆಯ ಜಾಗ ಮಾತ್ರ ತಾಗಲಿ. ಅಂಗೈ ತಾಗಬಾರದು. ಈಗ ಬಾಲ್ ಅನ್ನು ಹಾಗೆಯೇ ಹಿಡಿದು, ಕೈಯ ಆಕಾರ ಬದಲಿಸದೆ, ಮಣಿಕಟ್ಟು ಹಿಂದಕ್ಕೆ ಬಗ್ಗಿಸುತ್ತಾ ಹಣೆಯ ಮೇಲಕ್ಕೆ ತನ್ನಿ. ಬಾಲ್ ಮೇಲೆ, ಕೈ ಅದರ ಕೆಳಗೆ ಮತ್ತು ಹಿಂದೆ ಬಂತು. ಯಾರಾದರೂ ಬಾಲ್ ತೆಗೆದುಕೊಂಡರೆ ಉಳಿಯುವ ಆಕಾರವೇ ಸೆಟ್ಟಿಂಗ್‌ನ ಆಕಾರ.

ಇದು ನೀರು ಕುಡಿಯುವ ಬೊಗಸೆಯಂಥದಲ್ಲ. ಬೊಗಸೆಯಲ್ಲಿ ಕಿರುಬೆರಳುಗಳು ಕೂಡಿಕೊಂಡು, ಹೆಬ್ಬೆರಳುಗಳು ಹೊರಗಿರುತ್ತವೆ, ಭಾರ ಅಂಗೈಗೆ ಬೀಳುತ್ತದೆ. ಇಲ್ಲಿ ತಿರುಗಾಮುರುಗಾ. ಎರಡು ಹೆಬ್ಬೆರಳು ಮತ್ತು ಎರಡು ತೋರುಬೆರಳು ಹತ್ತಿರ ಬಂದು ನಡುವೆ ಒಂದು ತ್ರಿಕೋನದ ಕಿಟಕಿ ಆಗಬೇಕು. ಆ ಕಿಟಕಿಯಿಂದ ನೀವು ಬಾಲ್ ನೋಡಬೇಕು. ತುದಿಗಳು ಒಂದಕ್ಕೊಂದು ತಾಗಬಾರದು. ನಡುವೆ ಎರಡು ಮೂರು ಬೆರಳಿನಷ್ಟು ಜಾಗ ಇರಲಿ. ಕೈ ಚಿಕ್ಕದಿದ್ದವರಿಗೆ ಇನ್ನೂ ಸ್ವಲ್ಪ ಹತ್ತಿರ ಬೇಕಾಗುತ್ತದೆ.

ಹೆಬ್ಬೆರಳಿನ ದಿಕ್ಕನ್ನು ವಿಶೇಷವಾಗಿ ಗಮನಿಸಿ. ಅದು ನಿಮ್ಮ ಹುಬ್ಬಿನ ಕಡೆಗೆ, ಅಂದರೆ ಹಿಂದಕ್ಕೆ ಮುಖ ಮಾಡಿರಬೇಕು. ಮುಂದಕ್ಕೆ, ಬಾಲ್ ಕಡೆಗೆ ಚಾಚಿದ್ದರೆ ಬಾಲ್ ಮೊದಲು ಹೆಬ್ಬೆರಳ ತುದಿಗೇ ಬಡಿಯುತ್ತದೆ. ನೋವೂ ಆಗುತ್ತದೆ, ಬಾಲ್ ಬೆರಳಿನಿಂದ ಬೆರಳಿಗೆ ಹಾರಿ ಡಬಲ್ ಕೂಡ ಆಗುತ್ತದೆ. ಹೆಬ್ಬೆರಳು ಉಳುಕಿಸಿಕೊಂಡು ಟೇಪ್ ಸುತ್ತಿಕೊಂಡು ಬರುವ ಹೊಸಬರಲ್ಲಿ ಹೆಚ್ಚಿನವರ ತೊಂದರೆ ಇದೇ.

ಭಾರ ಹೊರುವುದು ಹೆಬ್ಬೆರಳು, ತೋರುಬೆರಳು, ನಡುಬೆರಳು. ಉಂಗುರಬೆರಳು ಮತ್ತು ಕಿರುಬೆರಳು ಬಾಲ್ ಪಕ್ಕಕ್ಕೆ ಜಾರದಂತೆ ನೋಡಿಕೊಳ್ಳುತ್ತವೆ, ಅಷ್ಟೇ. ಮೊಣಕೈ ತೀರಾ ಒಳಗೆ ಬಂದರೆ ಅಂಗೈಗಳು ಒಂದಕ್ಕೊಂದು ಎದುರಾಗಿ ಬಾಲ್ ನಡುವಿನಿಂದ ಜಾರುತ್ತದೆ. ತೀರಾ ಹೊರಗೆ ಹೋದರೆ ಹೆಬ್ಬೆರಳು ಕೆಳಗಿಳಿದು ಬಾಲ್ ತಳ್ಳಲು ಬಲ ಸಿಗುವುದಿಲ್ಲ. ಎದುರಿನಿಂದ ನೋಡಿದವರಿಗೆ ಮೊಣಕೈಗಳು ಭುಜಕ್ಕಿಂತ ಸ್ವಲ್ಪ ಹೊರಗೆ, ಎರಡೂ ಒಂದೇ ಎತ್ತರದಲ್ಲಿ ಕಾಣಬೇಕು. ಈ "ಒಂದೇ ಎತ್ತರ" ಎನ್ನುವುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ತಾಗುವ ಕ್ಷಣ

ಬಾಲ್ ಅನ್ನು ಮುಟ್ಟುವ ಜಾಗ ಹಣೆಯಿಂದ ಸುಮಾರು ಒಂದು ಗೇಣು ಮೇಲೆ, ಸ್ವಲ್ಪ ಮುಂದೆ. ಬಾಲ್ ಬರುವ ಮೊದಲೇ ಕೈ ಅಲ್ಲಿರಬೇಕು, ಆಕಾರ ಸಿದ್ಧವಾಗಿರಬೇಕು. ಬಾಲ್ ಬಂದಾಗ ಕೈ ಎತ್ತುವವರಿಗೆ ಎರಡು ಕೈ ಒಟ್ಟಿಗೆ ತಲುಪುವುದು ಕಷ್ಟ. ಬಲಗೈ ರೂಢಿಯವರ ಬಲಗೈ ಸಾಮಾನ್ಯವಾಗಿ ಒಂದು ಚೂರು ಮೊದಲು ಹೋಗುತ್ತದೆ.

ಬಾಲ್ ತಾಗಿದಾಗ ಬೆರಳು ಮತ್ತು ಮಣಿಕಟ್ಟು ಸ್ವಲ್ಪ ಹಿಂದಕ್ಕೆ ಬಾಗುತ್ತವೆ, ಕೂಡಲೇ ಮುಂದಕ್ಕೆ ಬರುತ್ತವೆ. ಈ ಬಾಗುವಿಕೆಯನ್ನು ನೀವು ಮಾಡಬೇಕಾಗಿಲ್ಲ, ಬಾಲ್‌ನ ಭಾರವೇ ಮಾಡಿಸುತ್ತದೆ. ವಾಲಿಬಾಲ್ 260ರಿಂದ 280 ಗ್ರಾಂ ತೂಗುತ್ತದೆ. ಬೆರಳಿನಲ್ಲಿ ಬೇಕಾದ ಬಿಗಿ ಎಷ್ಟೆಂದರೆ, ಬಾಲ್ ಅಂಗೈಗೆ ತಲುಪದಷ್ಟು. ಅದಕ್ಕಿಂತ ಸಡಿಲವಾದರೆ ಬಾಲ್ ಒಳಗೆ ಮುಳುಗುತ್ತದೆ, ಹೊರಗೆ ತರಲು ತೋಳು ಎತ್ತಬೇಕಾಗುತ್ತದೆ. ಅದೇ ಲಿಫ್ಟ್. ಕಲ್ಲಿನಂತೆ ಬಿಗಿ ಮಾಡಿದರೆ ಹತ್ತು ಬೆರಳಲ್ಲಿ ಯಾವುದು ಮೊದಲು ಸಿಕ್ಕಿತೋ ಅಲ್ಲಿಂದಲೇ ಬಾಲ್ ಹಾರುತ್ತದೆ, ಉಳಿದ ಬೆರಳಿಗೆ ಆಮೇಲೆ ತಾಗುತ್ತದೆ.

ದೂರಕ್ಕೆ ಕಳಿಸುವ ಬಲ ಬೆರಳಿನಿಂದ ಬರುವುದಿಲ್ಲ. ಸ್ವಲ್ಪ ಬಗ್ಗಿದ ಮಂಡಿ ನೆಟ್ಟಗಾಗುವಾಗ, ಅದರ ಹಿಂದೆಯೇ ಮೊಣಕೈ ನೆಟ್ಟಗಾಗುವಾಗ ಬರುತ್ತದೆ. ಬಾಲ್ ಹೋದ ಮೇಲೆ ಎರಡೂ ತೋಳು ಬಾಲ್ ಹೋದ ದಿಕ್ಕಿಗೆ ಚಾಚಿ, ಎರಡೂ ಅಂಗೈ ಒಂದೇ ರೀತಿ ನಿಂತಿರಬೇಕು. ಒಂದು ಕೈ ಕೆಳಗೆ, ಒಂದು ಮೇಲೆ ನಿಂತಿದ್ದರೆ ಬಲ ಒಂದು ಕಡೆಯಿಂದ ಜಾಸ್ತಿ ಹೋಗಿದೆ ಎಂದೇ ಅರ್ಥ.

ಬಾಲ್ ತಿರುಗಿದರೆ ಡಬಲ್ ಅಂತಲೇ?

ಅಲ್ಲ. ನಿಯಮದಲ್ಲಿ ಸ್ಪಿನ್ ಎಂಬ ಮಾತೇ ಇಲ್ಲ. ಬಾಲ್ ತಿರುಗುವುದು ಸುಳಿವು ಮಾತ್ರ, ಫೌಲ್ ಅಲ್ಲ. ಆದರೆ ಯಾವ ಸುಳಿವು ಎಂದು ಓದಲು ಬರಬೇಕು.

ಬಾಲ್‌ನ ಎಡಬದಿಯನ್ನು ಒಂದು ಕೈ ಮೊದಲು ತಳ್ಳಿ, ಬಲಬದಿಯನ್ನು ಇನ್ನೊಂದು ಕೈ ಆಮೇಲೆ ತಳ್ಳಿದರೆ ಬಲ ಬಾಲ್‌ನ ನಡುವಿನಿಂದ ಹೋಗುವುದಿಲ್ಲ. ಬಾಲ್ ಬುಗುರಿಯ ಹಾಗೆ ಅಡ್ಡಕ್ಕೆ ತಿರುಗುತ್ತದೆ. ಅಂಥ ಅಡ್ಡ ತಿರುಗು ಜೋರಾಗಿದ್ದರೆ ಎರಡು ಕೈ ಒಟ್ಟಿಗೆ ತಾಗಿಲ್ಲ ಎನ್ನುವ ಅನುಮಾನ ನ್ಯಾಯವಾದದ್ದೇ. ಆದರೆ ಎರಡೂ ಕೈ ಒಟ್ಟಿಗೆ ತಾಗಿದ್ದರೂ ಹೆಬ್ಬೆರಳಿನ ತಳ್ಳು ಸ್ವಲ್ಪ ಜಾಸ್ತಿಯಾದರೆ ಬಾಲ್ ಹಿಮ್ಮುಖವಾಗಿ, ಅಂದರೆ ಸೆಟ್ಟರ್ ಕಡೆಗೆ ಉರುಳುವ ಹಾಗೆ ತಿರುಗುತ್ತದೆ. ಇದು ಡಬಲ್ ಅಲ್ಲ. ಬಲವಾಗಿ ತಿರುಗುತ್ತಾ ಬಂದ ಪಾಸ್ ಅನ್ನು ಸೆಟ್ ಮಾಡಿದಾಗಲೂ ಹಳೆಯ ತಿರುಗು ಸ್ವಲ್ಪ ಉಳಿದಿರಬಹುದು.

ಇನ್ನೊಂದು ಮಗ್ಗುಲೂ ಇದೆ. ಒಂಚೂರೂ ತಿರುಗದ ಬಾಲ್ ಶುದ್ಧ ಸೆಟ್ ಎಂದು ಹೇಳಲಾಗದು. ಬಾಲ್ ಅನ್ನು ಗಲ್ಲದವರೆಗೆ ಇಳಿಸಿ, ಹಿಡಿದು, ಮತ್ತೆ ಎತ್ತಿ ಬಿಟ್ಟರೆ ಅದು ಬಹಳ ಚೆಂದವಾಗಿ, ತಿರುಗದೆ ಹೋಗುತ್ತದೆ. ಅದು ಹೋಲ್ಡ್. "ಅಣ್ಣ, ಬಾಲ್ ತಿರುಗಲೇ ಇಲ್ಲ, ಮತ್ತೆ ಎಂತ ಫೌಲ್?" ಎಂದು ಕೇಳುವ ಸೆಟ್ಟರ್‌ಗೆ ಉತ್ತರ ಇದೇ.

ಒಂದೇ ಪಾಸ್, ಮೂರು ರೀತಿ

ಈಗ ಒಂದು ಬಾಲ್ ತೆಗೆದುಕೊಂಡು ಕೊನೆತನಕ ನೋಡೋಣ. ನಮ್ಮ ಸೆಟ್ಟರ್ ಹಿಂದಿನ ಸಾಲಿನ ಒಂದನೇ ಜಾಗದಿಂದ ಓಡಿ ಬಂದು ನೆಟ್ ಹತ್ತಿರ, ಎರಡನೇ ಮತ್ತು ಮೂರನೇ ಜಾಗಗಳ ನಡುವೆ ನಿಂತಿದ್ದಾನೆ. ಮುಖ ನಾಲ್ಕನೇ ಜಾಗದ, ಅಂದರೆ ಮುಂದಿನ ಸಾಲಿನ ಎಡತುದಿಯ ಸ್ಮ್ಯಾಶರ್ ಕಡೆಗೆ. ಹಾಗಾಗಿ ಅವನ ಬಲಕ್ಕೆ ನೆಟ್, ಎಡಕ್ಕೆ ತನ್ನದೇ ಕೋರ್ಟ್. ಎದುರಾಳಿ ಸರ್ವಿಸ್ ಬಲವಾಗಿ ಬಂತು. ಐದನೇ ಜಾಗದ ಹುಡುಗನ ಪಾಸ್ ನೆಟ್ ತನಕ ಬರಲಿಲ್ಲ. ಅಟ್ಯಾಕ್ ಲೈನ್ ಹತ್ತಿರ, ನೆಟ್‌ನಿಂದ ಎರಡೂವರೆ ಮೀಟರ್ ದೂರದಲ್ಲಿ ಇಳಿಯುತ್ತಿದೆ. ಅಂದರೆ ಬಾಲ್ ಸೆಟ್ಟರ್‌ನ ಎಡಬದಿಯಲ್ಲಿದೆ.

ಮೊದಲ ರೀತಿ. ಸೆಟ್ಟರ್ ನಿಂತಲ್ಲಿಂದ ಒಂದು ಹೆಜ್ಜೆ ಎಡಕ್ಕೆ ಇಟ್ಟು ಕೈ ಚಾಚುತ್ತಾನೆ. ಮೈ ಓರೆಯಾಯಿತು. ಎಡಗೈ ಬಾಲ್ ಹತ್ತಿರ, ಬಲಗೈ ದೂರ. ಎಡಗೈ ಮೊದಲು ತಾಗಿತು, ಬಲಗೈ ಹಿಂದಿನಿಂದ ಬಂದು ತಳ್ಳಿತು. ಬಾಲ್ ಅಡ್ಡಕ್ಕೆ ತಿರುಗುತ್ತಾ ಹೊರಟಿತು. ರೆಫ್ರಿ ಎರಡು ಬೆರಳು ಎತ್ತಿದರು. ಇಲ್ಲಿ ಕೈಯ ಆಕಾರ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನ ಇರಲಿಲ್ಲ. ಓರೆಯಾದ ಭುಜದ ಮೇಲೆ ಎರಡು ಮೊಣಕೈ ಒಂದೇ ಎತ್ತರದಲ್ಲಿ ನಿಲ್ಲುವುದಿಲ್ಲ.

ಎರಡನೇ ರೀತಿ. ಮುಂದಿನ ಸಲ ಅಂಥದೇ ಪಾಸ್ ಬಂತು. ಈಗ ಅವನ ತಲೆಯಲ್ಲಿ ಡಬಲ್ ಭಯ ಇದೆ. ಅದೇ ತಡವಾದ ಹೆಜ್ಜೆ, ಆದರೆ ಬಾಲ್ ಅನ್ನು ಮೇಲೆ ಮುಟ್ಟದೆ ಇಳಿಯಲು ಬಿಟ್ಟ. ಬಾಯಿಯ ಮಟ್ಟದಲ್ಲಿ ಎರಡೂ ಕೈ ಸೇರಿಸಿ ತೆಗೆದುಕೊಂಡ. ಬಾಲ್ ಇನ್ನೂ ಕೆಳಗೆ ಹೋಯಿತು, ಅಂಗೈಗೆ ತಾಗಿತು, ಕ್ಷಣ ನಿಂತಿತು. ಆಮೇಲೆ ಅವನು ಮೈ ತಿರುಗಿಸಿ ನಾಲ್ಕನೇ ಜಾಗಕ್ಕೆ ಎಸೆದ. ಈ ಸಲ ರೆಫ್ರಿಯ ಅಂಗೈ ಮೇಲೆದ್ದಿತು. ಬಾಲ್ ಕೈಯಲ್ಲಿರುವಾಗಲೇ ದಿಕ್ಕು ಬದಲಿಸಿದ್ದು ಹೋಲ್ಡ್‌ಗೆ ಎದ್ದು ಕಾಣುವ ಗುರುತು. ಪುಟಿಯುವ ಬಾಲ್‌ಗೆ ಹಾಗೆ ದಾರಿ ಬದಲಿಸಲು ಸಮಯವೇ ಸಿಗುವುದಿಲ್ಲ.

ನೋಡಿ, ಕಾಲಿನ ತಪ್ಪು ಎರಡು ಸಲವೂ ಒಂದೇ. ಕೈ ಮಾತ್ರ ಬೇರೆ ಬೇರೆ ತಪ್ಪು ಮಾಡಿತು. ಇವನಿಗೆ "ಮೆತ್ತಗೆ ತಗೋ" ಎಂದರೂ, "ಗಟ್ಟಿಯಾಗಿ ತಗೋ" ಎಂದರೂ ಸರಿಹೋಗುವುದಿಲ್ಲ.

ಮೂರನೇ ರೀತಿಯೇ ಕಲಿಯಬೇಕಾದದ್ದು. ಅದನ್ನು ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

ಒಂದು: ಪಾಸ್ ಮಾಡುವವನ ಮುಂಗೈ ನೋಡಿ, ಬಾಲ್ ನೋಡುತ್ತಾ ನಿಲ್ಲಬೇಡಿ. ಬಾಲ್ ಅವನ ಮುಂಗೈಯಿಂದ ಹೊರಟ ಕೋನದಲ್ಲೇ ಅದು ಕಡಿಮೆ ಬರುತ್ತದೋ, ನೆಟ್ ದಾಟುತ್ತದೋ ಗೊತ್ತಾಗುತ್ತದೆ. ಬಾಲ್ ಮೇಲೇರುವಾಗಲೇ ನಿಮ್ಮ ಓಟ ಶುರುವಾಗಿರಬೇಕು. ಇಳಿಯಲು ಶುರುವಾದ ಮೇಲೆ ಹೊರಟರೆ ಮೊದಲೆರಡು ರೀತಿಯೇ ಆಗುತ್ತದೆ.

ಎರಡು: ಓಡುವಾಗ ಕೈ ಕೆಳಗಿರಲಿ, ಮಾಮೂಲಿಯಾಗಿ ಬೀಸುತ್ತಿರಲಿ. ಕೈ ಮೇಲೆತ್ತಿಕೊಂಡು ಓಡುವುದು ನಿಧಾನ. ಬಾಲ್ ಕಡೆಗೆ ಮುಖ ಮಾಡಿ ಓಡಿ, ಅಡ್ಡ ಹೆಜ್ಜೆ ಹಾಕಿ ಜರುಗಬೇಡಿ.

ಮೂರು: ಬಾಲ್ ಎಲ್ಲಿ ಬೀಳುತ್ತದೆ ಎಂದಲ್ಲ, ಕೈ ಎತ್ತದೆ ನಿಂತರೆ ಅದು ನಿಮ್ಮ ಹಣೆಗೆ ಬಡಿಯುವ ಜಾಗ ಯಾವುದು ಎಂದು ನೋಡಿ ಅಲ್ಲಿಗೆ ಹೋಗಿ. ಕೊನೆಯ ಎರಡು ಹೆಜ್ಜೆ ಚಿಕ್ಕದಾಗಿರಲಿ. ಆ ಹೆಜ್ಜೆಗಳಲ್ಲೇ ಸೊಂಟ ಮತ್ತು ಭುಜ ನಾಲ್ಕನೇ ಜಾಗದ ಆಂಟೆನಾ ಕಡೆಗೆ ತಿರುಗಲಿ. ನಿಂತಾಗ ಬಲಗಾಲು ಅರ್ಧ ಹೆಜ್ಜೆ ಮುಂದಿರಲಿ. ನೆಟ್ ಪಕ್ಕದಲ್ಲಿ ಸೆಟ್ ಮಾಡುವಾಗ ಬಲಗಾಲು ಮುಂದಿದ್ದರೆ ಮೈ ಸ್ವಲ್ಪ ಕೋರ್ಟ್ ಒಳಕ್ಕೆ ತಿರುಗಿರುತ್ತದೆ, ಬಾಲ್ ಎದುರಾಳಿ ಕಡೆ ಹೋಗುವ ಅಪಾಯ ಕಡಿಮೆ.

ನಾಲ್ಕು: ಕಾಲು ನಿಂತ ಮೇಲೆ ಎರಡು ಕೈ ಒಟ್ಟಿಗೆ ಹಣೆಯ ಮೇಲೆ ಬರಲಿ. ಕಿಟಕಿಯಿಂದ ಬಾಲ್ ಕಾಣಲಿ. ಮುಟ್ಟಿ, ಕಳಿಸಿ.

ಐದು: ತಲುಪಲು ಆಗಲಿಲ್ಲ ಅನ್ನಿ. ಬಾಲ್ ಮುಖಕ್ಕಿಂತ ಕೆಳಗಿದೆ, ಮಂಡಿ ಬಗ್ಗಿಸಿ ಅದರ ಅಡಿಗೆ ಹೋಗಲೂ ಸಮಯವಿಲ್ಲ. ಆಗ ಬೆರಳಿನ ಆಸೆ ಬಿಡಿ. ಮುಂಗೈ ಜೋಡಿಸಿ ನಾಲ್ಕನೇ ಜಾಗಕ್ಕೆ ಎತ್ತರದ ಬಾಲ್ ಕೊಡಿ. ನಮ್ಮ ಕಡೆ ಇದನ್ನು ಕಡಿಮೆ ಎಂದು ನೋಡುವವರಿದ್ದಾರೆ, ಸೆಟ್ಟರ್ ಎಂದರೆ ಬೆರಳಲ್ಲೇ ಕೊಡಬೇಕು ಎಂಬ ಹಟ. ನನಗೆ ಅದು ಒಪ್ಪಿಗೆ ಇಲ್ಲ. ಮುಂಗೈಯಿಂದ ಹೋದ ಸಾಧಾರಣ ಬಾಲ್‌ನಲ್ಲಿ ಸ್ಮ್ಯಾಶರ್‌ಗೆ ಒಂದು ಅವಕಾಶ ಉಳಿಯುತ್ತದೆ. ವಿಶಲ್ ಬಿದ್ದ ಬಾಲ್‌ನಲ್ಲಿ ಏನೂ ಉಳಿಯುವುದಿಲ್ಲ, ಪಾಯಿಂಟ್ ನೇರವಾಗಿ ಎದುರಾಳಿಗೆ.

ರೆಫ್ರಿ ಎಲ್ಲಿಂದ ನೋಡುತ್ತಾರೆ

ಬಾಲ್ ಮುಟ್ಟಿದ್ದರಲ್ಲಿ ಫೌಲ್ ಇದೆಯೇ ಎಂದು ತೀರ್ಮಾನಿಸುವುದು ಸ್ಟ್ಯಾಂಡ್ ಮೇಲಿರುವ ಮೊದಲ ರೆಫ್ರಿ. ಕೆಳಗೆ ಓಡಾಡುವ ಎರಡನೇ ರೆಫ್ರಿಗೆ ಆ ಅಧಿಕಾರ ಇಲ್ಲ. ಮೊದಲ ರೆಫ್ರಿಯ ಕಣ್ಣು ನೆಟ್‌ನ ಮೇಲಂಚಿಗಿಂತ ಸುಮಾರು 50 ಸೆಂಟಿಮೀಟರ್ ಮೇಲಿರಬೇಕು ಎಂದು ನಿಯಮ. ಅಂದರೆ ಸೆಟ್ಟರ್‌ನ ಕೈ ಅವರಿಗೆ ಸ್ವಲ್ಪ ಮೇಲಿನಿಂದ ಕಾಣುತ್ತದೆ.

ಹೆಚ್ಚಿನವರು ಗಮನಿಸದ ಒಂದು ಸಂಗತಿ ಇಲ್ಲಿದೆ. ರೆಫ್ರಿ ನೆಟ್‌ನ ಒಂದು ತುದಿಯಲ್ಲಿ ಇರುತ್ತಾರೆ. ಎರಡು ತಂಡಗಳ ನಾಲ್ಕನೇ ಜಾಗಗಳು ಎದುರು ಬದುರು ತುದಿಗಳಲ್ಲಿ ಇರುತ್ತವೆ. ಹಾಗಾಗಿ ಒಂದು ತಂಡದ ಸೆಟ್ಟರ್ ನಾಲ್ಕಕ್ಕೆ ಮುಖ ಮಾಡಿದಾಗ ರೆಫ್ರಿಗೆ ಅವನ ಮುಖ ಮತ್ತು ಎರಡೂ ಕೈ ಕಾಣುತ್ತವೆ. ಇನ್ನೊಂದು ತಂಡದ ಸೆಟ್ಟರ್‌ನ ಬೆನ್ನು ಕಾಣುತ್ತದೆ. ಮುಖ ಕಾಣುವ ಕಡೆ ಯಾವ ಕೈ ಮೊದಲು ತಾಗಿತು ಎಂಬುದು ಸ್ಪಷ್ಟ. ಬೆನ್ನಿನ ಕಡೆ ಮೊಣಕೈಗಳ ಎತ್ತರ, ಬಾಲ್ ತಲೆಯ ಹಿಂದೆ ಎಷ್ಟು ಇಳಿಯಿತು, ಎಷ್ಟು ಹೊತ್ತು ಮರೆಯಾಗಿತ್ತು ಎಂಬುದು ಕಾಣುತ್ತದೆ. ಸೆಟ್ ಮುಗಿದು ಕೋರ್ಟ್ ಬದಲಾದಾಗ ಇದೂ ಬದಲಾಗುತ್ತದೆ. ಮೊದಲ ಸೆಟ್‌ನಲ್ಲಿ ಬಿಟ್ಟದ್ದನ್ನು ಎರಡನೆಯದರಲ್ಲಿ ಊದಿದರು ಎಂದು ಅನಿಸಿದರೆ ಅದಕ್ಕೆ ಪಕ್ಷಪಾತವೇ ಕಾರಣ ಆಗಬೇಕಿಲ್ಲ. ಈಗ ಅವರಿಗೆ ಕೈ ಬೇರೆ ಕಡೆಯಿಂದ ಕಾಣುತ್ತಿದೆ.

ಒಳ್ಳೆಯ ರೆಫ್ರಿ ಬಾಲ್ ತಾಗಿದ ಸದ್ದಿಗೆ ಊದುವುದಿಲ್ಲ. ಸೆಟ್ಟರ್ ವಕ್ರವಾಗಿ ನಿಂತ, ಬಿದ್ದು ಸೆಟ್ ಮಾಡಿದ ಎಂಬುದಕ್ಕೂ ಊದುವುದಿಲ್ಲ. ಕೈ ಮತ್ತು ಬಾಲ್ ಕೂಡಿದ ಕ್ಷಣವನ್ನು ನೋಡಿ ಊದುತ್ತಾರೆ. ಕೆಲವರು ಬಾಲ್ ತಿರುಗಿದ್ದನ್ನು ನೋಡಿಯೇ ಊದುವುದೂ ಉಂಟು. ಆ ಅಭ್ಯಾಸ ತಪ್ಪು. ಆದರೂ ಸೆಟ್ಟರ್ ಆದವನು ಅಂಥ ಅನುಮಾನಕ್ಕೆ ಎಡೆ ಕೊಡದ ಬಾಲ್ ಕಳಿಸುವುದನ್ನೇ ಕಲಿಯಬೇಕು.

ಅಂಗಳದಲ್ಲಿ ಅಭ್ಯಾಸ

ಅಡಿಕೆ ಒಣಗಿಸದ ದಿನಗಳಲ್ಲಿ ಮನೆಯಂಗಳ ಸಾಕು. ಒಂದು ಗೋಡೆ ಬೇಕು. ಗೋಡೆಯಿಂದ ಒಂದು ತೋಳಿನಷ್ಟು ದೂರ ನಿಂತು, ತಲೆಗಿಂತ ಮೇಲಿನ ಒಂದು ಗುರುತಿಗೆ ಬಾಲ್ ಅನ್ನು ಬೆರಳಿನಿಂದ ಚಿಕ್ಕದಾಗಿ, ಬೇಗ ಬೇಗ ಪುಟಿಸುತ್ತಾ ಹೋಗಿ. ಇಷ್ಟು ಹತ್ತಿರದಲ್ಲಿ ಹಿಡಿದು ಬಿಡಲು ಸಮಯವೇ ಇರುವುದಿಲ್ಲ. ಹಾಗಾಗಿ ಹೋಲ್ಡ್ ಅಭ್ಯಾಸ ಇದ್ದವರಿಗೆ ಇದೇ ಮದ್ದು. ತೋಳು ನೋಯುವ ತನಕ ಬೇಡ. ಬಾಲ್ ಅಂಗೈಗೆ ತಾಗಲು ಶುರುವಾದರೆ ಬೆರಳು ದಣಿದಿವೆ ಎಂದರ್ಥ, ನಿಲ್ಲಿಸಿ.

ಡಬಲ್ ಅಭ್ಯಾಸ ಇದ್ದವರು ಬಾಲ್‌ನ ನಡುವೆ ಸುತ್ತಲೂ ದಪ್ಪ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ನೆಟ್ಟಗೆ, ನಿಮ್ಮಿಂದ ಮುಂದಕ್ಕೆ ಸಾಗುವ ಹಾಗೆ ಬಾಲ್ ಹಿಡಿದು ಮೇಲಕ್ಕೆ ಹಾಕಿ ಸೆಟ್ ಮಾಡಿ. ಗೆರೆ ನೆಟ್ಟಗೆ ಉಳಿದರೆ ಎರಡೂ ಕೈಯ ಬಲ ಸಮ. ಗೆರೆ ಓಲಾಡಿದರೆ, ಅದು ಯಾವ ಕಡೆ ಮೊದಲು ಓರೆಯಾಗುತ್ತದೆ ಎಂದು ನೋಡಿ. ಎಡಬದಿ ಮುಂದೆ ಹೋಗುವ ಹಾಗೆ ತಿರುಗಿದರೆ ಎಡಗೈ ತಳ್ಳು ಜಾಸ್ತಿ. ಬಲಬದಿ ಮುಂದೆ ಹೋದರೆ ಬಲಗೈ. ಹೆಚ್ಚಿನವರಿಗೆ ಬಲಗೈಯೇ ಕಾರಣ ಎಂದು ಗೊತ್ತಾಗುತ್ತದೆ.

ಮೊಬೈಲ್ ಇದ್ದರೆ ಇನ್ನೂ ಒಳ್ಳೆಯದು. ಸ್ಲೋ ಮೋಷನ್‌ನಲ್ಲಿ ಒಂದು ಸೆಕೆಂಡಿಗೆ 240 ಚಿತ್ರ ತೆಗೆಯುವ ಫೋನ್‌ಗಳು ಈಗ ಎಷ್ಟೋ ಜನರ ಕೈಯಲ್ಲಿವೆ. ಅದರಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಾಲ್ಕು ಮಿಲಿಸೆಕೆಂಡ್ ಅಂತರ. ಫೋನನ್ನು ಸೆಟ್ಟರ್‌ನ ಎದುರಿಗೆ, ಕೈಯ ಎತ್ತರದಲ್ಲಿ ಇಡಿ, ಪಕ್ಕದಲ್ಲಿ ಅಲ್ಲ. ವಿಡಿಯೋವನ್ನು ಒಂದೊಂದೇ ಚಿತ್ರವಾಗಿ ಸರಿಸಿ, ಯಾವ ಕೈಗೆ ಬಾಲ್ ಮೊದಲು ತಾಗಿತು ನೋಡಿ. ಇಲ್ಲಿ ಒಂದು ಎಚ್ಚರಿಕೆ: ಹೀಗೆ ನೋಡಿದರೆ ಒಳ್ಳೆಯ ಸೆಟ್ಟರ್‌ನ ಕೈಯಲ್ಲೂ ಒಂದೆರಡು ಚಿತ್ರದ ವ್ಯತ್ಯಾಸ ಕಾಣಬಹುದು. ಮನುಷ್ಯರ ಕಣ್ಣಿಗೆ ಅದು ಒಟ್ಟಿಗೇ. ರೆಫ್ರಿ ಊದುವುದು ಕಣ್ಣಿಗೆ ಕಾಣುವ ವ್ಯತ್ಯಾಸಕ್ಕೆ. ಹಾಗಾಗಿ ಈ ವಿಡಿಯೋ ನಿಮ್ಮ ತಿದ್ದುಪಡಿಗೆ, ಪಂದ್ಯಾಟದಲ್ಲಿ ರೆಫ್ರಿಗೆ ತೋರಿಸಿ ವಾದಿಸುವುದಕ್ಕೆ ಅಲ್ಲ.

ಇಷ್ಟಾದ ಮೇಲೆ ಕಾಲಿನ ಅಭ್ಯಾಸ. ಜತೆಗಾರ ಬೇಕೆಂದೇ ಕೆಟ್ಟ ಬಾಲ್ ಹಾಕಲಿ: ಎಡಕ್ಕೆ, ಬಲಕ್ಕೆ, ಹಿಂದಕ್ಕೆ. ಮೊದಲು ನೀವು ಸೆಟ್ ಮಾಡಲೇಬೇಡಿ. ಓಡಿ ಹೋಗಿ, ತಿರುಗಿ ನಿಂತು, ಬಾಲ್ ಅನ್ನು ಹಣೆಯ ಮೇಲೆ ಕೈಯ ಆಕಾರದಲ್ಲಿ ಹಿಡಿಯಿರಿ. ಬಾಲ್ ಹಣೆಯ ಮೇಲಿದೆಯೇ, ಭುಜದ ಮೇಲಿದೆಯೇ ನೋಡಿಕೊಳ್ಳಿ. ಭುಜದ ಮೇಲಿದ್ದರೆ ಇನ್ನೊಂದು ಹೆಜ್ಜೆ ಬೇಕಿತ್ತು. ಸರಿಯಾಗಿ ಹಿಡಿಯಲು ಬಂದ ಕೂಡಲೇ ಹಿಡಿಯುವುದನ್ನು ಬಿಟ್ಟು ಸೆಟ್ ಮಾಡಿ. ಹಿಡಿಯುವ ಅಭ್ಯಾಸವನ್ನೇ ಬಹಳ ದಿನ ಮುಂದುವರಿಸಿದರೆ ಕೈ ಹೋಲ್ಡ್ ಕಲಿತುಬಿಡುತ್ತದೆ.

ನಮ್ಮ ಗ್ರೌಂಡ್, ನಮ್ಮ ರಾತ್ರಿ

ಒಳಾಂಗಣದ ಪಾಠಗಳಲ್ಲಿ ಸಿಗದ ಕೆಲವು ತೊಂದರೆ ನಮಗಿವೆ. ಕೊಯ್ಲಾದ ಗದ್ದೆಯಲ್ಲಿ ಡಿಸೆಂಬರ್, ಜನವರಿಯ ರಾತ್ರಿ ಆಡುವಾಗ ಇಬ್ಬನಿ ಬೀಳುತ್ತದೆ. ಬಾಲ್ ಒದ್ದೆಯಾದರೆ ಬೆರಳಿನಿಂದ ಜಾರಿ ಒಂದು ಕಡೆಗೆ ಮೊದಲು ತಪ್ಪಿಸಿಕೊಳ್ಳುತ್ತದೆ. ಸರ್ವಿಸ್‌ಗೆ ಮೊದಲು ಬಾಲ್ ಒರೆಸಲು ಕೇಳುವುದರಲ್ಲಿ ಸಂಕೋಚ ಬೇಡ. ಸೊಂಟಕ್ಕೆ ಒಂದು ಸಣ್ಣ ಬಟ್ಟೆ ಸಿಕ್ಕಿಸಿಕೊಂಡು ಬೆರಳು ಒರೆಸಿಕೊಳ್ಳಿ. ಮುರಮಣ್ಣಿನ ಗ್ರೌಂಡಿನಲ್ಲಿ ಕೆಂಪು ಧೂಳು ಬೆವರಿಗೆ ಸೇರಿದರೂ ಇದೇ ಪಾಡು.

ಗಾಳಿ ತುಂಬಿಸುವಾಗ "ಗಟ್ಟಿ ಇದ್ದರೆ ಸ್ಮ್ಯಾಶ್ ಚೆನ್ನಾಗಿ ಹೋಗುತ್ತದೆ" ಎಂದು ಹೆಚ್ಚು ತುಂಬಿಸುತ್ತಾರೆ. ನಿಯಮದ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 0.30ರಿಂದ 0.325 ಕೆಜಿ, ಅಂದರೆ ಸುಮಾರು 4.3ರಿಂದ 4.6 ಪಿಎಸ್‌ಐ. ಅದಕ್ಕಿಂತ ಬಿಗಿಯಾದ ಬಾಲ್ ಬೆರಳಿನಲ್ಲಿ ಕೂರುವುದಿಲ್ಲ, ಮೊದಲು ಸಿಕ್ಕ ಬೆರಳಿನಿಂದಲೇ ಹಾರುತ್ತದೆ. ತೀರಾ ಮೆತ್ತಗಿನ ಬಾಲ್ ಕೈಯಲ್ಲಿ ಮುಳುಗಿ ಹೋಲ್ಡ್‌ನಂತೆ ಕಾಣುತ್ತದೆ.

ಸಮುದ್ರದ ಹತ್ತಿರದ ಗ್ರೌಂಡುಗಳಲ್ಲಿ ಸಂಜೆ ಪಡುವಣ ಗಾಳಿ ಜೋರು. ಎತ್ತರದ ಪಾಸ್ ಕೊನೆಗಳಿಗೆಯಲ್ಲಿ ಪೂರ್ವಕ್ಕೆ ಸರಿಯುತ್ತದೆ. ಅಲ್ಲಿ ಕೊನೆಯ ಚಿಕ್ಕ ಹೆಜ್ಜೆಗಳು ಇನ್ನೂ ಮುಖ್ಯ. ಕಾಲನ್ನು ಬೇಗ ಊರಿ ನಿಂತುಬಿಟ್ಟರೆ ಬಾಲ್ ಭುಜದ ಕಡೆಗೆ ಸರಿಯುತ್ತದೆ. ಪಾಸ್ ಮಾಡುವವರಿಗೂ ಬಾಲ್ ತೀರಾ ಎತ್ತರ ಕೊಡಬೇಡಿ ಎಂದು ಹೇಳಿಡಿ.

ವಿಶಲ್ ಬಿದ್ದ ಮೇಲೆ

ಡಬಲ್ ಅಥವಾ ಹೋಲ್ಡ್ ಎಂಬುದು ರೆಫ್ರಿ ಕಣ್ಣಾರೆ ಕಂಡು ಮಾಡಿದ ತೀರ್ಮಾನ. ನಿಯಮವನ್ನು ಹೇಗೆ ಅನ್ವಯಿಸಿದಿರಿ ಎಂದು ವಿವರಣೆ ಕೇಳುವ ಹಕ್ಕು ಕೋರ್ಟ್‌ನಲ್ಲಿರುವ ಕ್ಯಾಪ್ಟನ್‌ಗೆ ಮಾತ್ರ ಇದೆ. ಸೆಟ್ಟರ್ ಆಗಿ ನೀವು ಆ ಹೊತ್ತಿಗೆ ರೆಫ್ರಿ ತೋರಿಸಿದ ಸಂಜ್ಞೆ ಯಾವುದು ಎಂದು ನೋಡಿಕೊಳ್ಳಿ. ಎರಡು ಬೆರಳಾದರೆ ಮುಂದಿನ ಬಾಲ್‌ಗೆ ಬಾಲ್ ಅನ್ನು ಇಳಿಸಿ ತೆಗೆದುಕೊಳ್ಳಬೇಡಿ. ಅರ್ಧ ಸೆಕೆಂಡ್ ಮೊದಲು ಓಡಿ, ಭುಜ ತಿರುಗಿಸಿ ನಿಲ್ಲಿ. ಅಂಗೈ ಎತ್ತಿದ್ದಾದರೆ ಬೆರಳನ್ನು ಸುಮ್ನೆ ಗಟ್ಟಿ ಮಾಡಬೇಡಿ. ಕೈಯನ್ನು ಮೊದಲೇ ಮೇಲಿಟ್ಟು ಬಾಲ್ ಅನ್ನು ಹಣೆಗಿಂತ ಮೇಲೆಯೇ ಮುಟ್ಟಿ. ಎರಡು ಸಲ ಊದಿದ ಮೇಲೂ ಪಾಸ್ ಕಡಿಮೆಯೇ ಬರುತ್ತಿದ್ದರೆ, ಮುಂದಿನ ಕೆಲವು ಬಾಲ್ ಮುಂಗೈಯಲ್ಲೇ ಕೊಡಿ. ಸರ್ವಿಸ್ ತೆಗೆಯುವ ಹುಡುಗನನ್ನು ಹತ್ತಿರ ಕರೆದು, ಪಾಸ್ ಅನ್ನು ನೆಟ್‌ಗೆ ಒಂದು ಮೀಟರ್ ಹತ್ತಿರ ಕೊಡಲು ಹೇಳಿ.